ದಿನಾ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಕಾಯಿಲೆ ಹೆಸರು ಹೇಳದೆ ಕಂಪನಿಗೆ ಪತ್ರ ಬರೆಯೋದು ಹೇಗೆ?

ತುಂಗಾತೀರ · ಜೂನ್ 20, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಲ್ಲ, ಕ್ಷಮಿಸಿ. ನನಗೆ 27 ವರ್ಷ. ಶಿವಮೊಗ್ಗದ ಗೋಪಾಳದಲ್ಲಿ ತಂಗಿ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಮಾಚೇನಹಳ್ಳಿ ಕಡೆ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಕೆಲಸ, ಸಂಬಳ 24 ಸಾವಿರ.

ಒಂದೂವರೆ ತಿಂಗಳು ಕೆಮ್ಮು ಬಿಡಲಿಲ್ಲ. ಮಳೆಗಾಲದ ಶೀತ ಅಂತ ಕಷಾಯ ಕುಡಿದುಕೊಂಡು ಕೂತಿದ್ದೆ. ಕೊನೆಗೆ ಕಫ ಪರೀಕ್ಷೆಯಲ್ಲಿ ಶ್ವಾಸಕೋಶದ ಟಿಬಿ ಅಂತ ಬಂತು. ಮಾಮೂಲಿ ಔಷಧಿಗೇ ಬಗ್ಗುವಂಥದ್ದಂತೆ. ಜೂನ್ 10ರಿಂದ ಮಾತ್ರೆ ಶುರುವಾಗಿದೆ. ಈಗ ರಜೆಯಲ್ಲಿದ್ದೇನೆ. ಜೂನ್ 26ರಿಂದ ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ.

ತೊಂದರೆ ಇರೋದು ಇಲ್ಲಿ. ದಿನಾ ಬೆಳಿಗ್ಗೆ 9ಕ್ಕೆ ಮನೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಅವರ ಎದುರಿಗೇ ಮಾತ್ರೆ ನುಂಗಬೇಕು. ಕಂಪನಿ ಬಸ್ಸು 8.10ಕ್ಕೆ ಹೊರಡುತ್ತೆ, 9ಕ್ಕೆ ಪಂಚ್ ಮಾಡಬೇಕು. ಅಂದರೆ ಬಸ್ಸೂ ತಪ್ಪುತ್ತೆ, ಪಂಚೂ ತಪ್ಪುತ್ತೆ. ಪತ್ರ ಕೊಡದೆ ಬೇರೆ ದಾರಿ ಇಲ್ಲ. ಆದರೆ ಆಫೀಸಿನಲ್ಲಿ ಟಿಬಿ ಅಂತ ಗೊತ್ತಾಗೋದು ನನಗೆ ಬೇಡ. ಮನೆಯಲ್ಲಿ ಗಂಡು ನೋಡ್ತಾ ಇದ್ದಾರೆ, ನಮ್ಮೂರು ಎಷ್ಟು ಚಿಕ್ಕದು ಅಂತ ನಿಮಗೇ ಗೊತ್ತು.

ನಾನು ಬರೆದಿದ್ದು ಹೀಗಿದೆ, ನೋಡಿ ಹೇಳಿ:

> ವಿಷಯ: ಆರು ತಿಂಗಳು ತಡವಾಗಿ ಬರಲು ಅನುಮತಿ ಕೋರಿ
>
> ಮಾನ್ಯರೇ, ನನಗೆ ಶ್ವಾಸಕೋಶದ ಸೋಂಕು ಇದ್ದು ಡಾಟ್ಸ್ ಕೇಂದ್ರದಲ್ಲಿ ಆರು ತಿಂಗಳು ಪ್ರತಿದಿನ ಔಷಧಿ ತೆಗೆದುಕೊಳ್ಳಬೇಕಾಗಿದೆ. ಇದು ಬೇರೆಯವರಿಗೆ ಹರಡುವುದಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ. ದಯವಿಟ್ಟು ತಡವಾಗಿ ಬರಲು ಅವಕಾಶ ಕೊಡಬೇಕು ಮತ್ತು ಈ ವಿಷಯ ಯಾರಿಗೂ ತಿಳಿಸಬಾರದು ಎಂದು ಕೇಳಿಕೊಳ್ಳುತ್ತೇನೆ.

---

ಅಡಿಕೆಮಂಡಿ · ಜೂನ್ 20, ರಾತ್ರಿ 10.15

ಪತ್ರ ಗಿತ್ರ ಯಾಕೆ ಮಾರಾಯ್ರೆ. ನಮ್ಮ ಭಾವನಿಗೆ ಹೋದ ವರ್ಷ ಆಗಿತ್ತು, ವಾರದ ಮಾತ್ರೆ ಒಟ್ಟಿಗೇ ಕೊಟ್ಟು ಕಳಿಸ್ತಿದ್ರು. ನೀವೂ ಹಾಗೇ ಕೇಳಿ, ಮುಗೀತು.

ಇನ್ನೊಂದು ವಿಷಯ. ಟಿಬಿ ಅಂದ್ರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ, ಅದಕ್ಕೆ ಕಾನೂನೇ ಇದೆ. ಹಾಗಾಗಿ ಕಂಪನಿಗೆ ಮುಚ್ಚಿಟ್ರೆ ನಿಮ್ಮ ಮೇಲೇ ಕೇಸ್ ಆಗಬಹುದು. ಹುಷಾರು.

---

ಹೊಸನಗರ_ಹೋಂಸ್ಟೇ · ಜೂನ್ 20, ರಾತ್ರಿ 10.32

ನಮ್ಮಲ್ಲೂ ಒಬ್ಬ ಅಡುಗೆಯವನಿಗೆ ಹೀಗೇ ಆಗಿತ್ತು. ನೀವು ಕೆಲಸದವರಿಗೆ ಪತ್ರ ಕೊಡೋ ಬದಲು ಕರೆದು ಕೂರಿಸಿ ಮಾತಾಡಿ. ಕೆಲಸದಿಂದ ತೆಗೀತೀವಿ ಅಂತ ಹೆದರಿಸಬೇಡಿ, ಪಾಪ. ಗುಣ ಆದ ಮೇಲೆ ವಾಪಸ್ ಬರಲಿ.

---

ತುಂಗಾತೀರ · ಜೂನ್ 20, ರಾತ್ರಿ 10.40

ಸರ್, ಕೆಲಸದವಳು ನಾನೇ 🙂 ಪತ್ರ ಕೊಡಬೇಕಾಗಿರೋದು ಮಾಲೀಕರಿಗೆ.

---

ಹೊಸನಗರ_ಹೋಂಸ್ಟೇ · ಜೂನ್ 20, ರಾತ್ರಿ 10.44

ಅಯ್ಯೋ, ಕನ್ನಡಕ ಇಲ್ಲದೆ ಓದಿದ್ದು ತಪ್ಪಾಯ್ತು. ಹಾಗಿದ್ರೆ ಹೆದರಬೇಡಿ ಅಂತ ನಿಮಗೇ ಹೇಳ್ತೀನಿ.

---

ಹಳೇ_ಸೂಪರ್‌ವೈಸರ್ · ಜೂನ್ 21, ಬೆಳಿಗ್ಗೆ 6.20

ನಾನು ಕ್ಷಯ ವಿಭಾಗದಲ್ಲಿ ಚಿಕಿತ್ಸಾ ಮೇಲ್ವಿಚಾರಕನಾಗಿ 18 ವರ್ಷ ಕೆಲಸ ಮಾಡಿದವನು. ಸೊರಬ, ಸಾಗರ, ಶಿವಮೊಗ್ಗ ಎಲ್ಲ ಕಡೆ ಬೈಕಲ್ಲಿ ಓಡಾಡಿದ್ದೇನೆ. ಹೀಗೆ ಪತ್ರ ಬರೆಯೋಕೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಅಡಿಕೆಮಂಡಿಯವರ ಮಾತು. ತಿಳಿಸಲೇಬೇಕಾದ ಕಾಯಿಲೆ ಅನ್ನೋದು ನಿಜ, 2012ರಿಂದ ಹಾಗಿದೆ. ಆದರೆ ತಿಳಿಸಬೇಕಾದವರು ಚಿಕಿತ್ಸೆ ಕೊಡುವ ಡಾಕ್ಟರು, ಲ್ಯಾಬಿನವರು, ಔಷಧಿ ಅಂಗಡಿಯವರು. ತಿಳಿಸಬೇಕಾಗಿರೋದು ಆರೋಗ್ಯ ಇಲಾಖೆಗೆ. ರೋಗಿ ತನ್ನ ಮಾಲೀಕರಿಗೆ ಹೇಳಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ತಂಗಿ, ನಿನ್ನ ಹೆಸರು ಸರ್ಕಾರದ ಟಿಬಿ ದಾಖಲೆಯಾದ ನಿಕ್ಷಯ್‌ನಲ್ಲಿ ದಾಖಲಾಗಿ ನಂಬರ್ ಕೊಟ್ಟಿರ್ತಾರಲ್ಲ, ಆ ಕೆಲಸ ಅಲ್ಲಿಗೇ ಮುಗಿದಿದೆ.

ಈಗ ನಿನ್ನ ಪತ್ರ. ಬೇಜಾರು ಮಾಡ್ಕೋಬೇಡ, ಟಿಬಿ ಅನ್ನೋ ಎರಡು ಅಕ್ಷರ ಬಿಟ್ಟು ಉಳಿದಿದ್ದೆಲ್ಲ ಬರೆದಿದ್ದೀಯ. ಶ್ವಾಸಕೋಶ, ಡಾಟ್ಸ್, ಆರು ತಿಂಗಳು, ದಿನಾ. ನಮ್ಮ ಕಡೆ ಐವತ್ತು ದಾಟಿದ ಯಾರ ಕೈಗೆ ಈ ಪತ್ರ ಕೊಟ್ಟರೂ ಓದಿ ಮುಗಿಸುವ ಮೊದಲೇ ಗೊತ್ತಾಗುತ್ತೆ. ಡಾಟ್ಸ್ ಅಂದರೆ ಎದುರಿಗೇ ಮಾತ್ರೆ ನುಂಗಿಸುವ ಟಿಬಿ ಚಿಕಿತ್ಸೆ, ಆ ಪದವೇ ಸಾಕು. ‘ಹರಡುವುದಿಲ್ಲ’ ಅಂತ ನೀನಾಗೇ ಬರೆದರೆ ‘ಹಾಗಾದರೆ ಹರಡುವ ಜಾತಿಯ ಕಾಯಿಲೆ ಇರಬೇಕು’ ಅಂತ ಓದುವವರಿಗೆ ಅನ್ನಿಸುತ್ತೆ. ಸಕ್ಕರೆ ಕಾಯಿಲೆಯವರು ಯಾರಾದರೂ ಹಾಗೆ ಬರೀತಾರಾ?

ಆರು ತಿಂಗಳು ಅನ್ನೋದನ್ನೂ ತೆಗಿ. ಅದರ ಲೆಕ್ಕ ಹೇಳ್ತೀನಿ. ಮೊದಲ ಹಂತ 56 ಡೋಸು. ಜೂನ್ 10 ಮೊದಲನೇ ದಿನ ಅಂದರೆ ಒಂದು ದಿನವೂ ತಪ್ಪದಿದ್ದರೆ ಆಗಸ್ಟ್ 4ಕ್ಕೆ 56 ಆಗುತ್ತೆ. ಆಮೇಲೆ 112 ಡೋಸು, ಅದು ನವೆಂಬರ್ 24ಕ್ಕೆ ಮುಗಿಯುತ್ತೆ. ಆದರೆ ನಾವು ಲೆಕ್ಕ ಹಾಕೋದು ಡೋಸಿನಿಂದ, ತಾರೀಖಿನಿಂದ ಅಲ್ಲ. ನಡುವೆ ಎರಡು ದಿನ ತಪ್ಪಿದರೆ ಕೊನೆಗೆ ಎರಡು ದಿನ ಸೇರುತ್ತೆ. ಆದ್ದರಿಂದ ಈಗ ಮೊದಲ ಹಂತದವರೆಗೆ ಮಾತ್ರ ಕೇಳು. ನಾಲ್ಕು ದಿನ ಕೈಯಲ್ಲಿಟ್ಟುಕೊಂಡು ಆಗಸ್ಟ್ 8ರವರೆಗೆ ಅಂತ ಹಾಕು. ಆ ಹೊತ್ತಿಗೆ ಮತ್ತೆ ಕಫ ಪರೀಕ್ಷೆ ಮಾಡ್ತಾರೆ, ಮಾತ್ರೆ ಕಡಿಮೆ ಮಾಡ್ತಾರೆ. ಮುಂದಿನ ವ್ಯವಸ್ಥೆ ಬದಲಾಗಬಹುದು, ಹಾಗಾಗಿ ‘ಆಮೇಲೆ ವೈದ್ಯರು ಪರಿಶೀಲಿಸಿ ಹೇಳುತ್ತಾರೆ’ ಅಂತ ಬರೆದರೆ ಅದರಲ್ಲಿ ಸುಳ್ಳೇನೂ ಇಲ್ಲ.

---

ಎಚ್‌ಆರ್_ಭದ್ರಾವತಿ · ಜೂನ್ 21, ಬೆಳಿಗ್ಗೆ 8.05

ಟೇಬಲ್ಲಿನ ಆಚೆ ಕಡೆ ಕೂರುವವನು ನಾನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಇಂಥ ಪತ್ರ ಬಂದಾಗ ನನಗೆ ಬೇಕಾಗಿರೋದು ಇಷ್ಟೇ. ಎಷ್ಟು ಗಂಟೆಗೆ ಬರ್ತೀರಿ, ಎಲ್ಲಿಯವರೆಗೆ, ಕಡಿಮೆಯಾದ ಸಮಯ ಹೇಗೆ ತುಂಬ್ತೀರಿ, ಕೆಲಸ ಮಾಡಲು ನೀವು ಸರಿ ಇದ್ದೀರಾ ಅಂತ ಡಾಕ್ಟರ ಒಂದು ಚೀಟಿ. ಇದು ಸಿಕ್ಕರೆ ನಾನು ಮೇಲಿನವರಿಗೆ ಉತ್ತರ ಕೊಡಬಲ್ಲೆ. ಕಾಯಿಲೆ ಹೆಸರು ಗೊತ್ತಾದರೆ ನನಗೆ ತಲೆನೋವು ಜಾಸ್ತಿ, ಕಡಿಮೆ ಅಲ್ಲ. ನಿಜ ಹೇಳ್ತಿದ್ದೀನಿ.

‘ತಡವಾಗಿ ಬರಲು ಅನುಮತಿ’ ಅಂತ ಬರೆಯಬೇಡಿ. ತಡ ಅಂದರೆ ತಪ್ಪು ಅಂತ ಲೆಕ್ಕ. ‘ಕೆಲಸದ ಸಮಯದಲ್ಲಿ ತಾತ್ಕಾಲಿಕ ಬದಲಾವಣೆ’ ಅಂತ ಬರೆಯಿರಿ. 9ರಿಂದ 5.30 ಇದ್ದದ್ದು 10.15ರಿಂದ 6.45 ಆಗುತ್ತೆ. ಒಟ್ಟು ಗಂಟೆ ಅಷ್ಟೇ ಇದ್ದರೆ ಸಂಬಳ ಕಡಿತದ ಮಾತೇ ಬರೋದಿಲ್ಲ, ಇರೋ ಸಿಕ್ ಲೀವೂ ಖಾಲಿಯಾಗೋದಿಲ್ಲ. ವರ್ಷಕ್ಕೆ ಸಿಗೋದೇ ಕೆಲವು ದಿನ, ದಿನಕ್ಕೆ ಒಂದು ಗಂಟೆ ಅಂತ ಅದನ್ನು ಕತ್ತರಿಸಿಕೊಂಡು ಹೋದರೆ ನಿಜವಾಗಿ ಸುಸ್ತಾದ ದಿನ ಏನು ಮಾಡ್ತೀರಿ?

ಒಂದು ಪ್ರಶ್ನೆ. ಈಗಿನ ರಜೆಗೆ ಏನು ಸರ್ಟಿಫಿಕೇಟ್ ಕೊಟ್ಟಿದ್ದೀರಿ? ಏನಾದರೂ ಬಿಲ್ ಕೊಟ್ಟಿದ್ದೀರಾ?

---

ತುಂಗಾತೀರ · ಜೂನ್ 21, ಬೆಳಿಗ್ಗೆ 9.50

ಮೊದಲು ತೋರಿಸಿದ ಖಾಸಗಿ ಡಾಕ್ಟರ್ ‘ಜ್ವರ ಮತ್ತು ಕೆಮ್ಮು, ವಿಶ್ರಾಂತಿ ಬೇಕು’ ಅಂತ ಬರೆದುಕೊಟ್ಟಿದ್ದರು. ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸಿದ್ದೆ.

ಬಿಲ್ ಇನ್ನೂ ಕೊಟ್ಟಿಲ್ಲ. ಎಕ್ಸ್‌ರೇ, ಸ್ಕ್ಯಾನು, ಕಫದ ಟೆಸ್ಟು ಎಲ್ಲ ಸೇರಿ ಆರು ಸಾವಿರ ಚಿಲ್ಲರೆ ಆಗಿದೆ. ನಮ್ಮಲ್ಲಿ ಮೆಡಿಕಲ್ ಬಿಲ್ ವಾಪಸ್ ಕೊಡ್ತಾರೆ, ವಾಪಸ್ ಹೋದ ಮೇಲೆ ಕೊಡೋಣ ಅಂತಿದ್ದೆ.

---

ಎಚ್‌ಆರ್_ಭದ್ರಾವತಿ · ಜೂನ್ 21, ಬೆಳಿಗ್ಗೆ 10.10

ಅಲ್ಲೇ ನಿಲ್ಲಿ. ಆ ಬಿಲ್ಲನ್ನು ಒಮ್ಮೆ ತೆಗೆದು ಓದಿ. ಕಫದ ಟೆಸ್ಟಿನ ಬಿಲ್ಲಿನಲ್ಲಿ ಟೆಸ್ಟಿನ ಹೆಸರೇ ಅಚ್ಚಾಗಿರುತ್ತೆ, ಸಿಬಿ‌ನ್ಯಾಟ್ ಅಂತಲೋ ಟ್ರೂನ್ಯಾಟ್ ಅಂತಲೋ. ಗೊತ್ತಿಲ್ಲದವರು ಮೊಬೈಲಲ್ಲಿ ಹುಡುಕಿದರೆ ಮೊದಲ ಸಾಲಿನಲ್ಲೇ ಟಿಬಿ ಅಂತ ಬರುತ್ತೆ. ಅದೂ ನೀವು ಅಕೌಂಟ್ಸ್‌ನವರು, ಬಿಲ್ ನೋಡುವವರು ನಿಮ್ಮ ಪಕ್ಕದ ಕುರ್ಚಿಯವರೇ ಅಲ್ವಾ?

ನಾನು ನೋಡಿದ ಎರಡು ಪ್ರಕರಣದಲ್ಲಿ ಗುಟ್ಟು ಬಿಟ್ಟಿದ್ದು ಪತ್ರದಿಂದಲ್ಲ, ಬಿಲ್ಲಿನಿಂದ. ಗುಂಪು ವಿಮೆಯ ಕ್ಲೇಮು ಕೂಡ ಹಾಗೇ, ಫಾರಂ ನಮ್ಮ ಕೈದಾಟಿಯೇ ಹೋಗೋದು. ಆ ಹಣ ಬಿಡೋದೋ ಬೇಡವೋ ನಿಮ್ಮ ಇಷ್ಟ. ಎಕ್ಸ್‌ರೇ ಬಿಲ್ ಒಂದನ್ನೇ ಕೊಡಬಹುದು, ಕೆಮ್ಮಿಗೆ ಎಕ್ಸ್‌ರೇ ತೆಗೆಸೋದು ಸಹಜ.

---

ಸಾಗರದ_ಸುಮಾ · ಜೂನ್ 21, ಮಧ್ಯಾಹ್ನ 1.30

ನಮ್ಮ ಯಜಮಾನರಿಗೆ 2019ರಲ್ಲಿ ಆಗಿತ್ತು. ಅವರು ಒಂದು ಅಂಗಡಿಯಲ್ಲಿ ಲೆಕ್ಕ ಬರೀತಿದ್ದರು. ಒಳ್ಳೆಯ ಜನ, ಹದಿನಾಲ್ಕು ವರ್ಷದ ಪರಿಚಯ ಅಂತ ಮಾಲೀಕರಿಗೆ ನಿಜ ಹೇಳಿದರು. ಮಾಲೀಕರು ಬಾಯಲ್ಲಿ ಏನೂ ಅನ್ನಲಿಲ್ಲ. ಮರುದಿನದಿಂದ ಚಹಾ ಲೋಟ ಬೇರೆ ಆಯ್ತು. ಆಮೇಲೆ ‘ಗೋಡೌನ್ ಕಡೆ ಕೂತ್ಕೊಳ್ಳಿ, ಗಾಳಿ ಚೆನ್ನಾಗಿದೆ’ ಅಂದರು. ಮೂರು ತಿಂಗಳಿಗೆ ಇವರೇ ಬಿಟ್ಟರು. ಲೋಟದಿಂದ ಬರೋ ಕಾಯಿಲೆ ಅಲ್ಲ ಅಂತ ಯಾರಿಗೆ ಹೇಳೋದು?

ಅದಕ್ಕೇ ಹೇಳ್ತೀನಿ, ಹೇಳಲೇಬೇಡಿ. ಬೆನ್ನುನೋವಿಗೆ ಫಿಸಿಯೋಥೆರಪಿ ಅಂತ ಬರೆದುಬಿಡಿ. ಅದಕ್ಕೂ ದಿನಾ ಹೋಗಬೇಕಾಗುತ್ತಲ್ಲ, ಯಾರಿಗೂ ಅನುಮಾನ ಬರಲ್ಲ.

---

ಎಚ್‌ಆರ್_ಭದ್ರಾವತಿ · ಜೂನ್ 21, ಮಧ್ಯಾಹ್ನ 2.00

ಅಕ್ಕ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಆ ಒಂದು ಕೆಲಸ ಮಾತ್ರ ಬೇಡ. ಕಾಯಿಲೆ ಹೆಸರು ಹೇಳದಿರೋದು ಬೇರೆ, ಸುಳ್ಳು ಹೆಸರು ಬರೆದು ಸಹಿ ಹಾಕೋದು ಬೇರೆ. ಸುಳ್ಳು ಪತ್ರ ಅಂತ ಸಿಕ್ಕಿಬಿದ್ದರೆ ಅದೇ ಒಂದು ತಪ್ಪಾಗುತ್ತೆ, ಆಗ ಕಾಯಿಲೆಯ ಮಾತೇ ಎತ್ತದೆ ಕೆಲಸದಿಂದ ತೆಗೆಯಬಹುದು. ಅಲ್ಲದೆ ಈಗಾಗಲೇ ಜ್ವರ ಕೆಮ್ಮು ಅಂತ ಚೀಟಿ ಹೋಗಿದೆ. ಹದಿನೈದು ದಿನ ಜ್ವರ ಕೆಮ್ಮು ಅಂದವಳಿಗೆ ಆಮೇಲೆ ಬೆನ್ನುನೋವು ಯಾಕೆ ಬಂತು?

---

ಹಳೇ_ಸೂಪರ್‌ವೈಸರ್ · ಜೂನ್ 21, ಸಂಜೆ 5.45

ಎಚ್‌ಆರ್ ಸಾಹೇಬರು ಹೇಳಿದ್ದು ಸರಿ. ಬಾಯಿ ಮುಚ್ಚಿಕೊಂಡಿರಿ, ಸುಳ್ಳು ಹೇಳಬೇಡಿ.

ಡಾಕ್ಟರ ಚೀಟಿ ಬಗ್ಗೆ ಒಂದು ಮಾತು, ಅಲ್ಲೇ ಜಾಸ್ತಿ ಜನ ಎಡವೋದು. ಕೇಂದ್ರದಲ್ಲಿ ಹೋಗಿ ‘ಒಂದು ಸರ್ಟಿಫಿಕೇಟ್ ಕೊಡಿ’ ಅಂದರೆ ಅಚ್ಚಾದ ಫಾರಂ ತೆಗೀತಾರೆ. ಅದರಲ್ಲಿ ‘ಇವರು ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ’ ಅಂತ ಖಾಲಿ ಜಾಗ ಇರುತ್ತೆ. ಖಾಲಿ ಜಾಗ ಕಂಡರೆ ತುಂಬಲೇಬೇಕು ಅನ್ನೋದು ನಮ್ಮ ಇಲಾಖೆಯ ಅಭ್ಯಾಸ. ಆದ್ದರಿಂದ ಫಾರಂ ಬೇಡ, ಲೆಟರ್‌ಹೆಡ್ಡಿನಲ್ಲಿ ಮೂರು ಸಾಲು ಬರೆದುಕೊಡಿ ಅಂತ ಕೇಳು. ಏನು ಬರೆಯಬೇಕು ಅಂತ ನೀನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ರೋಗಿಯ ಗುಟ್ಟು ಕಾಪಾಡೋದು ಡಾಕ್ಟರ ಕರ್ತವ್ಯ, ಕೇಳೋಕೆ ನಾಚಿಕೆ ಬೇಡ.

ಯಾರ ಲೆಟರ್‌ಹೆಡ್ಡು, ಯಾವ ಸೀಲು ಅನ್ನೋದೂ ಮುಖ್ಯ. ಕ್ಷಯ ಘಟಕದ ಸೀಲು ಬಿದ್ದರೆ ಒಳಗೆ ಏನೂ ಬರೆಯದೆಯೂ ಎಲ್ಲ ಬರೆದ ಹಾಗೆ. ನಗರ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಸೀಲು ಹಾಕಿಸಿಕೋ. ಅಲ್ಲಿಗೆ ಬಿಪಿಯವರೂ ಬರ್ತಾರೆ, ಬಸುರಿಯರೂ ಬರ್ತಾರೆ, ನಾಯಿ ಕಚ್ಚಿದವರೂ ಬರ್ತಾರೆ. ನಿಕ್ಷಯ್ ನಂಬರ್ ಎಲ್ಲೂ ಇರಬಾರದು. ಚಿಕಿತ್ಸಾ ಕಾರ್ಡಿನ ಜೆರಾಕ್ಸ್ ಕೊಡಲೇಬೇಡ.

ಇನ್ನು ಅಡಿಕೆಮಂಡಿಯವರು ಹೇಳಿದ ವಾರದ ಮಾತ್ರೆ. ಅದರಲ್ಲೂ ಅರ್ಧ ಸತ್ಯ ಇದೆ. ಭಾನುವಾರದ ಡೋಸು ಹೇಗೂ ಮನೆಗೇ ಕೊಡ್ತಾರೆ. ಎದುರಿಗೇ ನುಂಗಿಸೋದು ಯಾಕೆ ಅಂದರೆ, ಮೂರನೇ ವಾರಕ್ಕೆ ಕೆಮ್ಮು ಹೋಗುತ್ತೆ, ಹಸಿವು ಬರುತ್ತೆ, ಆಗ ಜನ ಬಿಡೋದು. ಬಿಟ್ಟು ಬಿಟ್ಟು ತಗೊಂಡರೆ ಇದೇ ಮಾತ್ರೆಗೆ ಬಗ್ಗದ ಟಿಬಿ ಆಗುತ್ತೆ. ಆದರೆ ನೋಡಿಕೊಳ್ಳುವವರು ಕೇಂದ್ರದ ಸಿಸ್ಟರೇ ಆಗಬೇಕು ಅಂತಿಲ್ಲ. ಆಶಾ ಆಗಬಹುದು, ಅಂಗನವಾಡಿಯವರು ಆಗಬಹುದು, ಔಷಧಿ ಅಂಗಡಿಯವರು ಆಗಬಹುದು. ಮನೆಯವರನ್ನೂ ತರಬೇತಿ ಕೊಟ್ಟು ಒಪ್ಪಿಕೊಳ್ಳುತ್ತಾರೆ. ಕೆಲವು ಕಡೆ ವಿಡಿಯೊ ಕಾಲಿನಲ್ಲಿ ನುಂಗೋದು ತೋರಿಸಿದರೂ ಆಗುತ್ತೆ. ತಂಗಿ ಜೊತೆಗಿದ್ದಾಳೆ ಅಂದೆಯಲ್ಲ, ಅವಳನ್ನೇ ಮಾಡಬಹುದಾ ಅಂತ ಕೇಳು.

---

ತುಂಗಾತೀರ · ಜೂನ್ 21, ರಾತ್ರಿ 8.15

ಸರ್, ಕೇಳಿದೆ. ಮೊದಲ ಎರಡು ತಿಂಗಳು ಇಲ್ಲಿಗೇ ಬನ್ನಿ, ನಿಮಗೆ ಮೊದಲ ವಾರ ವಾಂತಿ ಆಗಿತ್ತು, ಕಣ್ಣೆದುರಿಗಿದ್ದರೆ ಒಳ್ಳೆಯದು, ಆಮೇಲೆ ತಂಗಿಯನ್ನು ಮಾಡೋಣ ಅಂದರು. ಆಶಾ ಮನೆಗೆ ಬರೋದು ನನಗೆ ಬೇಡ, ವಠಾರದಲ್ಲಿ ಎಂಟು ಮನೆ ಇದೆ, ಓನರ್ ಅಮ್ಮ ಗೇಟಲ್ಲೇ ಕೂತಿರ್ತಾರೆ.

---

ಅಡಿಕೆಮಂಡಿ · ಜೂನ್ 21, ರಾತ್ರಿ 9.00

ಸರಿ ಒಪ್ಪಿದೆ, ಕಾನೂನಿನ ವಿಷಯ ನಾನು ತಪ್ಪು ತಿಳಿದಿದ್ದೆ. ಆದರೆ ಇಎಸ್‌ಐ ನೋಡಿ. ಅದರಲ್ಲಿ ಟಿಬಿಗೆ ಉದ್ದ ರಜೆ ಇದೆ, ಸಂಬಳದ 80 ಭಾಗ ಕೊಡ್ತಾರೆ. ಆರು ತಿಂಗಳು ಮನೆಯಲ್ಲೇ ಇದ್ದುಬಿಡಬಹುದು, ಪತ್ರದ ರಗಳೆಯೇ ಇಲ್ಲ.

---

ಎಚ್‌ಆರ್_ಭದ್ರಾವತಿ · ಜೂನ್ 21, ರಾತ್ರಿ 9.25

ಅದು ಇರೋದು ನಿಜ. ಆದರೆ ಇಎಸ್‌ಐ ಸಂಬಳದ ಮಿತಿ 21 ಸಾವಿರ, ಇವರದು 24. ಮಿತಿಯೊಳಗಿನವರು ಓದುತ್ತಿದ್ದರೆ ತಿಳಿದುಕೊಳ್ಳಿ: ಆ ಹಣ ಸಿಗಬೇಕಾದರೆ ಎರಡು ವರ್ಷ ಕೆಲಸದಲ್ಲಿದ್ದು ವಂತಿಗೆ ಕಟ್ಟಿರಬೇಕು. ಇಎಸ್‌ಐನಿಂದ ಕಾಯಿಲೆ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಅಂತ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ನಿನಲ್ಲಿತ್ತು.

ಮಿತಿಯ ಹೊರಗಿನವರಿಗೆ ಅಂಥ ಗೋಡೆ ಇಲ್ಲ. ಎಚ್‌ಐವಿ ಇದ್ದವರಿಗೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ 2017ರ ಕಾಯ್ದೆ ಇದೆ, ಟಿಬಿಗೆ ಅಂಥದ್ದಿಲ್ಲ. ಹಾಗಾಗಿ ಏನು ಕಾಗದ ಕೊಡ್ತೀರಿ ಅನ್ನೋದೇ ನಿಮ್ಮ ಕೈಲಿರೋದು.

---

ಹಳೇ_ಸೂಪರ್‌ವೈಸರ್ · ಜೂನ್ 22, ಬೆಳಿಗ್ಗೆ 6.10

ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ, ಮಳೆ ಹಿಡಿದಿತ್ತು. ಕೂತು ಬರೆದೆ. ಎಚ್‌ಆರ್ ಸಾಹೇಬರೇ, ತಿದ್ದಿ.

> ಇವರಿಗೆ,
> ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ
>
> ವಿಷಯ: ಜೂನ್ 26ರಿಂದ ಆಗಸ್ಟ್ 8ರವರೆಗೆ ಕೆಲಸದ ಸಮಯದಲ್ಲಿ ತಾತ್ಕಾಲಿಕ ಬದಲಾವಣೆ ಕೋರಿ
>
> ಮಾನ್ಯರೇ,
>
> ನಾನು ವೈದ್ಯಕೀಯ ರಜೆ ಮುಗಿಸಿ ಜೂನ್ 26ರಂದು ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ನನ್ನ ಚಿಕಿತ್ಸೆ ಇನ್ನೂ ಮುಂದುವರಿದಿದ್ದು, ವೈದ್ಯರ ಸೂಚನೆಯಂತೆ ಪ್ರತಿ ಕೆಲಸದ ದಿನ ಬೆಳಿಗ್ಗೆ 9 ಗಂಟೆಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಬೇಕಾಗಿದೆ. ಆದ್ದರಿಂದ ಈ ಅವಧಿಯಲ್ಲಿ ನನ್ನ ಕೆಲಸದ ಸಮಯವನ್ನು ಬೆಳಿಗ್ಗೆ 10.15ರಿಂದ ಸಂಜೆ 6.45ರವರೆಗೆ ಬದಲಿಸಿಕೊಡಬೇಕೆಂದು ಕೋರುತ್ತೇನೆ. ದಿನದ ಒಟ್ಟು ಕೆಲಸದ ಗಂಟೆ ಕಡಿಮೆಯಾಗುವುದಿಲ್ಲ. ಬರುವ ಹೋಗುವ ವ್ಯವಸ್ಥೆಯನ್ನು ನಾನೇ ಮಾಡಿಕೊಳ್ಳುತ್ತೇನೆ.
>
> ಆಗಸ್ಟ್ 8ರ ಹೊತ್ತಿಗೆ ವೈದ್ಯರು ಪರಿಶೀಲಿಸಿ ಮುಂದಿನ ಸೂಚನೆ ಕೊಡುತ್ತಾರೆ. ಬದಲಾವಣೆ ಇನ್ನೂ ಬೇಕಾದರೆ ಒಂದು ವಾರ ಮೊದಲೇ ತಿಳಿಸುತ್ತೇನೆ. ನಾನು ಕೆಲಸ ಮಾಡಲು ಅರ್ಹಳಿದ್ದೇನೆ ಎಂಬ ವೈದ್ಯರ ಪತ್ರವನ್ನು ಲಗತ್ತಿಸಿದ್ದೇನೆ.
>
> ಚಿಕಿತ್ಸೆಯ ವಿವರ ನನ್ನ ಖಾಸಗಿ ವಿಷಯವಾದ್ದರಿಂದ ಈ ಪತ್ರವನ್ನು ನನ್ನ ವೈಯಕ್ತಿಕ ಕಡತದಲ್ಲಿ ಮಾತ್ರ ಇಟ್ಟು, ಇಲಾಖೆಯ ಮುಖ್ಯಸ್ಥರಿಗೆ ಸಮಯದ ಬದಲಾವಣೆಯನ್ನಷ್ಟೇ ತಿಳಿಸಬೇಕೆಂದು ವಿನಂತಿ.

ಡಾಕ್ಟರ ಚೀಟಿಗೆ ಇಷ್ಟು ಸಾಕು:

> ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ. ಜೂನ್ 26ರಿಂದ ಕೆಲಸಕ್ಕೆ ಹಾಜರಾಗಲು ಅರ್ಹರು. ಆಗಸ್ಟ್ 8ರವರೆಗೆ ಪ್ರತಿ ಕೆಲಸದ ದಿನ ಬೆಳಿಗ್ಗೆ 9 ಗಂಟೆಗೆ ಈ ಕೇಂದ್ರಕ್ಕೆ ಬರುವುದು ಅಗತ್ಯ.

---

ಎಚ್‌ಆರ್_ಭದ್ರಾವತಿ · ಜೂನ್ 22, ಬೆಳಿಗ್ಗೆ 8.30

ಸರ್, ನಮ್ಮ ಆಫೀಸಿಗೆ ಬನ್ನಿ, ಕೆಲಸ ಕೊಡ್ತೀನಿ.

ತಿದ್ದೋದು ಏನಿಲ್ಲ. ಆ ಕೊನೆಯ ಪ್ಯಾರಾ ಬಹಳ ಒಳ್ಳೆಯದು, ‘ಯಾರಿಗೂ ಹೇಳಬೇಡಿ’ ಅಂದರೆ ಯಾರೂ ಕೇಳೋದಿಲ್ಲ, ಯಾರಿಗೆ ಎಷ್ಟು ಹೇಳಬೇಕು ಅಂತ ಬರೆದರೆ ಕೇಳ್ತಾರೆ. ಪತ್ರವನ್ನು ಕವರಿನಲ್ಲಿ ಹಾಕಿ ಕೈಗೇ ಕೊಡಿ, ಜೆರಾಕ್ಸಿನ ಮೇಲೆ ಸ್ವೀಕರಿಸಿದ ಸಹಿ, ತಾರೀಖು ಹಾಕಿಸಿಕೊಳ್ಳಿ. ವಾಟ್ಸಾಪ್ ಬೇಡ, ಅಟೆಂಡರ್ ಕೈಲಿ ಕಳಿಸೋದೂ ಬೇಡ.

‘ಏನು ಕಾಯಿಲೆ’ ಅಂತ ಕೇಳೇ ಕೇಳ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಕುತೂಹಲ. ಅದಕ್ಕೊಂದು ಉತ್ತರ ಈಗಲೇ ಬಾಯಿಪಾಠ ಮಾಡಿಕೊಳ್ಳಿ.

---

ಸಾಗರದ_ಸುಮಾ · ಜೂನ್ 22, ಬೆಳಿಗ್ಗೆ 11.00

ಎಲ್ಲ ಸರಿ, ಆದರೆ ನಮ್ಮವರು ಮಾತ್ರೆ ಶುರು ಮಾಡಿದಾಗ ಮೂತ್ರ ಕೇಸರಿ ಬಣ್ಣಕ್ಕೆ ಬಂದು ನಾವು ಗಾಬರಿಯಾಗಿದ್ದೆವು. ಮಾತ್ರೆಯ ಬಣ್ಣ ಅದು, ಹೆದರಬೇಡಿ ಅಂದಿದ್ದರು. ಕಣ್ಣೀರು ಬೆವರಿಗೂ ಬಣ್ಣ ಬರುತ್ತೆ, ಬಿಳಿ ಕರ್ಚೀಫ್ ಒಯ್ಯಬೇಡಿ ತಂಗಿ.

---

ತುಂಗಾತೀರ · ಜುಲೈ 2, ರಾತ್ರಿ 9.10

ಬಂದು ಹೇಳೋಕೆ ತಡವಾಯ್ತು. ಪತ್ರ ಕೊಟ್ಟೆ, ಒಪ್ಪಿದರು.

ಡಾಕ್ಟರ ಚೀಟಿಯ ಮೊದಲ ಕಾಪಿಯಲ್ಲಿ ಸಿಸ್ಟರ್ ಅಭ್ಯಾಸದ ಮೇಲೆ ಮೂಲೆಯಲ್ಲಿ ನಿಕ್ಷಯ್ ನಂಬರ್ ಬರೆದುಬಿಟ್ಟಿದ್ದರು. ನೀವು ಹೇಳಿರದಿದ್ದರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ಲ. ಬೇರೆ ಬರೆಸಿಕೊಂಡೆ.

ಎಚ್‌ಆರ್ ಮೇಡಂ ಓದಿದರು. ‘ಏನಾಯ್ತು ನಿಂಗೆ’ ಅಂದರು. ‘ಚಿಕಿತ್ಸೆ ನಡೀತಿದೆ ಮೇಡಂ, ಡಾಕ್ಟರ್ ಕೆಲಸಕ್ಕೆ ಹೋಗಬಹುದು ಅಂದಿದ್ದಾರೆ, ಅದರ ವಿವರ ಹೇಳೋಕೆ ನನಗೆ ಮುಜುಗರ’ ಅಂದೆ. ಅವರು ಹೆಂಗಸರ ಸಮಸ್ಯೆ ಏನೋ ಅಂದುಕೊಂಡರು ಅಂತ ಕಾಣುತ್ತೆ, ಸುಮ್ಮನಾದರು. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಒಂದು ಎಡವಟ್ಟು ಆಯ್ತು. ಹಾಜರಾತಿ ಸಾಫ್ಟ್‌ವೇರಿನಲ್ಲಿ ದಿನಾ ತಡ ಅಂತ ಕೆಂಪು ಗುರುತು ಬರ್ತಿತ್ತು, ಅದು ನಮ್ಮ ವಿಭಾಗದ ಎಲ್ಲರಿಗೂ ಕಾಣುತ್ತೆ. ಮೂರನೇ ದಿನ ಹೇಳಿ ಶಿಫ್ಟ್ ಸಮಯವನ್ನೇ ಬದಲಾಯಿಸಿಕೊಂಡೆ, ಈಗ ಇಲ್ಲ. ಸಂಜೆ ಮಾತ್ರ ಕಷ್ಟ. ಭದ್ರಾವತಿ ಕಡೆಯಿಂದ ಬರೋ ಬಸ್ಸು ತುಂಬಿಕೊಂಡೇ ಬರುತ್ತೆ, ಮಳೆ ಬೇರೆ.

ಬಿಲ್ಲುಗಳಲ್ಲಿ ಎಕ್ಸ್‌ರೇ ಒಂದನ್ನೇ ಕೊಟ್ಟೆ.

ಈಗ ಬೇರೆ ಒಂದು ವಿಷಯ ಮನಸ್ಸು ತಿಂತಾ ಇದೆ. ನಮ್ಮ ಅಕೌಂಟ್ಸ್ ರೂಮು ಎಸಿ, ಕಿಟಕಿ ತೆಗೆಯೋದಿಲ್ಲ. ಪಕ್ಕದಲ್ಲಿ ಕೂರುವವಳು ನನ್ನ ಗೆಳತಿ, ನಾನು ಒಂದೂವರೆ ತಿಂಗಳು ಕೆಮ್ಮುತ್ತಿದ್ದಾಗ ದಿನಕ್ಕೆ ಎಂಟು ಗಂಟೆ ಜೊತೆಗಿದ್ದಳು. ಮೊನ್ನೆಯಿಂದ ಅವಳೂ ಸ್ವಲ್ಪ ಕೆಮ್ಮುತ್ತಿದ್ದಾಳೆ.

---

ಹಳೇ_ಸೂಪರ್‌ವೈಸರ್ · ಜುಲೈ 3, ಬೆಳಿಗ್ಗೆ 6.30

ಈಗ ನಿನ್ನಿಂದ ಅವಳಿಗೆ ಬರೋ ಭಯ ಇಲ್ಲ, ಔಷಧಿ ಶುರುವಾಗಿ ಮೂರು ವಾರ ದಾಟಿದೆ, ಡಾಕ್ಟರೂ ಬಿಟ್ಟಿದ್ದಾರೆ. ಯೋಚಿಸಬೇಕಾಗಿರೋದು ಔಷಧಿಗೆ ಮೊದಲಿನ ದಿನಗಳ ಬಗ್ಗೆ.

ಮೊನ್ನೆಯ ಕೆಮ್ಮು ಮಳೆಯ ಕೆಮ್ಮೇ ಇರಬಹುದು. ಎರಡು ವಾರ ದಾಟಿದರೆ, ಅಥವಾ ಸಂಜೆ ಜ್ವರ, ತೂಕ ಇಳಿಯೋದು ಕಂಡರೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಕೇಂದ್ರದಲ್ಲಿ ದುಡ್ಡಿಲ್ಲ, ನಿನ್ನ ಹೆಸರು ಹೇಳಬೇಕಾಗಿಲ್ಲ. ಸಿಸ್ಟರ್ ಹತ್ತಿರ ನೀನು ಅವಳ ವಿಷಯ ಹೇಳಿಡು, ಒಂದೇ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಿದವರು ಅಂತ ಗಮನಕ್ಕಿರಲಿ. ಇಲಾಖೆಯವರು ಸಂಪರ್ಕಕ್ಕೆ ಬಂದವರನ್ನು ಕೇಳುವಾಗ ರೋಗಿ ಯಾರು ಅಂತ ಹೇಳಬಾರದು. ಆದರೆ ನಾಲ್ಕು ಜನರ ರೂಮಿಗೆ ಬಂದು ಕೇಳಿದರೆ ಹದಿನೈದು ದಿನ ರಜೆ ಹಾಕಿದವರು ಯಾರು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಅದನ್ನು ನಿನ್ನಿಂದ ಮುಚ್ಚಿಡಲ್ಲ.

---

ಎಚ್‌ಆರ್_ಭದ್ರಾವತಿ · ಜುಲೈ 3, ಬೆಳಿಗ್ಗೆ 9.00

ನನ್ನ ಅಭಿಪ್ರಾಯ, ಅವಳಿಗೆ ಈಗಲೇ ಹೇಳಬೇಡಿ. ಗೆಳತಿಗೆ ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿಗೆ ಬಂದಿರುತ್ತೆ. ‘ಕೆಮ್ಮು ಇದೆಯಲ್ಲ, ಒಂದು ಸಲ ತೋರಿಸು’ ಅಂತ ಎಲ್ಲರೂ ಹೇಳೋ ಹಾಗೆ ಹೇಳಿ, ಸಾಕು.

---

ಸಾಗರದ_ಸುಮಾ · ಜುಲೈ 3, ಬೆಳಿಗ್ಗೆ 11.20

ಮುಚ್ಚಿಡು ಅಂತ ಮೊದಲು ಹೇಳಿದವಳು ನಾನೇ. ಆದರೆ ಇದು ಬೇರೆ. ಅವಳಿಗೆ ಮನೆಯಲ್ಲಿ ಚಿಕ್ಕ ಮಗು ಇದೆಯಾ?

---

ತುಂಗಾತೀರ · ಜುಲೈ 3, ರಾತ್ರಿ 8.50

ಇದೆ ಅಕ್ಕ. ಎರಡು ವರ್ಷದ್ದು.

ಇವತ್ತು ಸಿಸ್ಟರ್ ಹತ್ತಿರ ಹೇಳಿದ್ದೇನೆ, ವೈದ್ಯಾಧಿಕಾರಿಗಳನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ. ಅವಳಿಗೆ ಕಫ ಪರೀಕ್ಷೆ ಮಾಡಿಸು, ಬೇಕಾದರೆ ನಾನೂ ಬರ್ತೀನಿ ಅಂದೆ. ‘ನೀನು ಯಾಕೆ ಬರ್ತೀಯ’ ಅಂತ ನನ್ನನ್ನೇ ನೋಡಿದಳು. ‘ದಿನಾ ಬೆಳಿಗ್ಗೆ ಆ ಕಡೆಗೇ ಹೋಗ್ತೀನಲ್ಲ’ ಅಂದೆ. ಇನ್ನೇನೂ ಕೇಳಲಿಲ್ಲ. ಶನಿವಾರ ಬೆಳಿಗ್ಗೆ 9ಕ್ಕೆ ಬರ್ತೀನಿ ಅಂದಿದ್ದಾಳೆ.